ಆಫ್ ಮಾಡಿದರೆ ಏನಾಗುತ್ತದೆ?

2012ರ ಆಗಸ್ಟ್ 1, ಬುಧವಾರ. ನ್ಯೂಯಾರ್ಕ್ ಷೇರುಪೇಟೆ ಎಂದಿನಂತೆ ಬೆಳಿಗ್ಗೆ ಒಂಬತ್ತೂವರೆಗೆ ತೆರೆಯಿತು. ನೈಟ್ ಕ್ಯಾಪಿಟಲ್ ಎಂಬ ದಲ್ಲಾಳಿ ಸಂಸ್ಥೆಯ ಕಂಪ್ಯೂಟರುಗಳಿಗೆ ಗ್ರಾಹಕರಿಂದ 212 ಸಣ್ಣ ಆರ್ಡರುಗಳು ಬಂದಿದ್ದವು. ಅವನ್ನು ಪೂರೈಸಲು ಹೊರಟ ಯಂತ್ರಗಳು ಮುಂದಿನ 45 ನಿಮಿಷಗಳಲ್ಲಿ 154 ಕಂಪನಿಗಳ ಷೇರುಗಳಲ್ಲಿ 40 ಲಕ್ಷ ವಹಿವಾಟು ನಡೆಸಿದವು. ಕೈಬದಲಾದ ಷೇರುಗಳು 39.7 ಕೋಟಿಗೂ ಹೆಚ್ಚು. ಸಂಸ್ಥೆಗೆ ಆದ ನಷ್ಟ 46 ಕೋಟಿ ಡಾಲರಿಗೂ ಮಿಗಿಲು, ಅಂದಿನ ಲೆಕ್ಕದಲ್ಲಿ ಸುಮಾರು ಎರಡೂವರೆ ಸಾವಿರ ಕೋಟಿ ರೂಪಾಯಿ. ಮರುವರ್ಷ ಆ ಸಂಸ್ಥೆ ಮತ್ತೊಂದು ಕಂಪನಿಯೊಂದಿಗೆ ವಿಲೀನವಾಯಿತು.

ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 2013ರಲ್ಲಿ ಹೊರಡಿಸಿದ ಆದೇಶದಲ್ಲಿ ಈ ಅನಾಹುತದ ವಿವರವೆಲ್ಲ ಇದೆ. ಸಾಫ್ಟ್‌ವೇರ್ ಪರೀಕ್ಷಿಸುವ ಪ್ರತಿಯೊಬ್ಬರೂ ಅದನ್ನು ಒಮ್ಮೆ ಓದಬೇಕು ಎಂಬುದು ನನ್ನ ಅನಿಸಿಕೆ. ಏಕೆಂದರೆ ಅಂದು ಕೆಟ್ಟದ್ದು ಹೊಸದಾಗಿ ಬರೆದ ಪ್ರೋಗ್ರಾಂ ಅಲ್ಲ. ಒಂಬತ್ತು ವರ್ಷದಿಂದ ಯಾರೂ ಬಳಸದೆ ಮೂಲೆಗೆ ಬಿದ್ದಿದ್ದ ಹಳೆಯದೊಂದು ಎದ್ದು ಕೂತಿತ್ತು.

ಅದರ ಹೆಸರು ಪವರ್ ಪೆಗ್. ದೊಡ್ಡ ಆರ್ಡರೊಂದನ್ನು ಸಣ್ಣ ಸಣ್ಣ ಆರ್ಡರುಗಳಾಗಿ ಒಡೆದು ಪೇಟೆಗೆ ಕಳಿಸುವುದು, ಎಷ್ಟು ಷೇರು ಸಿಕ್ಕಿತು ಎಂದು ಎಣಿಸುವುದು, ಬೇಕಾದಷ್ಟು ಸಿಕ್ಕಿದ ಮೇಲೆ ನಿಲ್ಲಿಸುವುದು ಅದರ ಕೆಲಸ. 2003ರಲ್ಲಿ ಅದರ ಬಳಕೆ ನಿಂತಿತು, ಆದರೆ ಕೋಡನ್ನು ಯಾರೂ ಅಳಿಸಲಿಲ್ಲ. 2005ರಲ್ಲಿ ಬೇರೇನೋ ಕಾರಣಕ್ಕೆ ಆ ಎಣಿಸುವ ಭಾಗವನ್ನು ಅಲ್ಲಿಂದ ಎತ್ತಿ ಮತ್ತೊಂದು ಕಡೆ ಇಟ್ಟರು. ಅದಾದ ಮೇಲೆ ಪವರ್ ಪೆಗ್ ಇನ್ನೂ ಸರಿಯಾಗಿ ನಡೆಯುತ್ತದೆಯೇ ಎಂದು ಯಾರೂ ಪರೀಕ್ಷಿಸಲಿಲ್ಲ. ಬಳಸದ್ದನ್ನು ಯಾಕೆ ಪರೀಕ್ಷಿಸಬೇಕು ಎಂದುಕೊಂಡಿರಬೇಕು. ಎಷ್ಟು ಸಿಕ್ಕಿತು ಎಂಬ ಲೆಕ್ಕ ಅದಕ್ಕೆ ಇನ್ನು ತಿಳಿಯುವಂತಿರಲಿಲ್ಲ. ಒಮ್ಮೆ ಶುರುವಾದರೆ ಅದು ನಿಲ್ಲುವಂತೆಯೂ ಇರಲಿಲ್ಲ.

2012ರಲ್ಲಿ ಷೇರುಪೇಟೆಯ ಹೊಸ ಯೋಜನೆಯೊಂದಕ್ಕಾಗಿ ಸಂಸ್ಥೆ ಹೊಸ ಕೋಡ್ ಬರೆಯಿತು. ಅದನ್ನು ಚಾಲೂ ಮಾಡಲು ಹೊಸ ಸ್ವಿಚ್ಚೊಂದನ್ನು ಮಾಡಿಕೊಳ್ಳುವ ಬದಲು, ಹಿಂದೆ ಪವರ್ ಪೆಗ್‌ಗೆ ಬಳಸುತ್ತಿದ್ದ ಸ್ವಿಚ್ಚನ್ನೇ ಬಳಸಿಕೊಂಡರು. ಇದ್ದದ್ದು ಎಂಟು ಸರ್ವರುಗಳು. ಏಳಕ್ಕೆ ಹೊಸ ಕೋಡ್ ಹೋಯಿತು, ಎಂಟನೆಯದಕ್ಕೆ ಹಾಕುವುದು ಬಿಟ್ಟುಹೋಯಿತು. ಆಗಸ್ಟ್ 1ರಂದು ಸ್ವಿಚ್ ಆನ್ ಆದಾಗ ಏಳು ಸರ್ವರುಗಳಲ್ಲಿ ಹೊಸ ಕೋಡ್ ಓಡಿತು, ಎಂಟನೆಯದರಲ್ಲಿ ಪವರ್ ಪೆಗ್.

ಇದರ ನಂತರದ ಘಟ್ಟ ಇನ್ನೂ ಘೋರವಾದದ್ದು. ಏನೋ ಕೆಟ್ಟಿದೆ ಎಂದು ಗೊತ್ತಾದೊಡನೆ ಸಿಬ್ಬಂದಿ ಸಹಜವಾಗಿ ಹೊಸದರ ಮೇಲೆ ಅನುಮಾನಪಟ್ಟು, ಸರಿಯಾಗಿದ್ದ ಏಳೂ ಸರ್ವರುಗಳಿಂದ ಹೊಸ ಕೋಡ್ ತೆಗೆದರು. ಸ್ವಿಚ್ ಮಾತ್ರ ಆನ್ ಆಗಿಯೇ ಇತ್ತು. ಏಳರಲ್ಲೂ ಹಳೆಯ ಪವರ್ ಪೆಗ್ ಶುರುವಾಯಿತು.

ಅಲ್ಲಿ ಬಳಸಿದ ಆ ಸ್ವಿಚ್ಚಿಗೆ ಸಾಫ್ಟ್‌ವೇರ್ ಮಂದಿ ಫೀಚರ್ ಫ್ಲ್ಯಾಗ್ ಎನ್ನುತ್ತಾರೆ. ಇಂದು ನಿಮ್ಮ ಫೋನಿನಲ್ಲಿರುವ ಬಹುತೇಕ ದೊಡ್ಡ ಆ್ಯಪ್‌ಗಳ ಒಳಗೆ ಇಂಥ ಫ್ಲ್ಯಾಗ್‌ಗಳು ನೂರಾರು ಇರುತ್ತವೆ. ಹೊಸ ಸೌಲಭ್ಯವೊಂದರ ಕೋಡ್ ಆ್ಯಪ್ ಒಳಗೆ ಬಂದು ಕೂತಿರುತ್ತದೆ, ಆದರೆ ಫ್ಲ್ಯಾಗ್ ಆಫ್ ಇರುವವರೆಗೆ ಅದು ಕೆಲಸ ಮಾಡುವುದಿಲ್ಲ. ತೊಂದರೆಯಾದರೆ ಮತ್ತೆ ಆಫ್ ಮಾಡಿದರಾಯಿತು, ಇಡೀ ಆ್ಯಪ್ ಬದಲಿಸಬೇಕಿಲ್ಲ. ಲಾಭ ದೊಡ್ಡದೇ. ಆದರೆ ಆಫ್ ಮಾಡಿದರೆ ಎಲ್ಲವೂ ಮೊದಲಿನಂತಾಗುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಿಯೇ ಗಳಿಸಬೇಕು. ನೈಟ್ ಕ್ಯಾಪಿಟಲ್‌ನಲ್ಲಿ ಆಗದೇ ಹೋದದ್ದು ಅದೇ.

ಪರೀಕ್ಷಿಸುವುದು ಹೇಗೆ ಎಂಬುದನ್ನು ಒಂದು ಕಲ್ಪಿತ ದಿನಸಿ ಆ್ಯಪ್ ಇಟ್ಟುಕೊಂಡು ನೋಡೋಣ. ಈಗಿನ ನಿಯಮ ಇಷ್ಟೇ: 300 ರೂಪಾಯಿಗಿಂತ ಕಡಿಮೆ ಸಾಮಾನು ಕೊಂಡರೆ ಡೆಲಿವರಿಗೆ 30 ರೂಪಾಯಿ, 300 ಅಥವಾ ಹೆಚ್ಚಾದರೆ ಉಚಿತ. ಕಂಪನಿ ಇದನ್ನು ದೂರದ ಲೆಕ್ಕಕ್ಕೆ ಬದಲಿಸಲು ಹೊರಟಿದೆ. ಹೊಸ ನಿಯಮದಲ್ಲಿ ಮೊದಲ 2 ಕಿಲೋಮೀಟರಿಗೆ 20 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 8 ರೂಪಾಯಿ, 500 ರೂಪಾಯಿಯ ಮೇಲೆ ಕೊಂಡರೆ ಉಚಿತ. ಕೋಡಿನಲ್ಲಿ ಇದು ಹೀಗೆ ಕಾಣುತ್ತದೆ:

```
if flag_on("distance_fee", user_id):
    fee = new_fee(cart, km)
else:
    fee = old_fee(cart)
```

ಅಂಗಡಿಯಿಂದ 3 ಕಿಲೋಮೀಟರ್ ದೂರದ ಮನೆಯವರು 350 ರೂಪಾಯಿಯ ಸಾಮಾನು ತರಿಸಿದರೆ, ಹಳೆಯ ನಿಯಮದಲ್ಲಿ ಡೆಲಿವರಿ ಉಚಿತ. ಹೊಸದರಲ್ಲಿ 28 ರೂಪಾಯಿ. ಟೆಸ್ಟರ್ ಕೈಗೆ ಈ ಕೆಲಸ ಬಂದಾಗ ಮನಸ್ಸು ಮೊದಲು ಓಡುವುದು ಹೊಸ ಲೆಕ್ಕದ ಕಡೆಗೆ. 2 ಕಿಲೋಮೀಟರಿಗೆ ಸರಿ ಬಂತೇ, ಎರಡೂಕಾಲಿಗೆ ಎಷ್ಟು, ಸರಿಯಾಗಿ 500 ರೂಪಾಯಿಗೆ ಏನು ಎಂದೆಲ್ಲ ನೋಡುತ್ತಾರೆ. ಅದು ಬೇಕಾದದ್ದೇ. ಆದರೆ ಅನುಭವಿ ಟೆಸ್ಟರ್ ಫ್ಲ್ಯಾಗ್ ಆಫ್ ಇಟ್ಟುಕೊಂಡೇ ಕೆಲಸ ಶುರು ಮಾಡುತ್ತಾರೆ. ಆ ಹೊತ್ತಿನಲ್ಲಿ ಹೊಸ ಬಿಲ್ಡ್ ಹಳೆಯ ಬಿಲ್ಡಿನ ಹಾಗೆಯೇ ಒಂದು ಪೈಸೆ ವ್ಯತ್ಯಾಸವಿಲ್ಲದೆ ನಡೆಯಬೇಕು.

ಅದು ತಾನಾಗಿಯೇ ಹಾಗೆ ನಡೆಯುವುದಿಲ್ಲವೇ, ಹಳೆಯ ಕೋಡನ್ನು ಯಾರೂ ಮುಟ್ಟಿಲ್ಲವಲ್ಲ ಎಂದು ಕೇಳಬಹುದು. ಮುಟ್ಟಿರುತ್ತಾರೆ. ಹೊಸದನ್ನು ಕೂರಿಸಲು ಜಾಗ ಮಾಡಬೇಕಲ್ಲ. ಕೂಪನ್ ರಿಯಾಯಿತಿ ಕಳೆಯುವ ಕೆಲಸ ಹಿಂದೆ ಡೆಲಿವರಿ ಶುಲ್ಕದ ಲೆಕ್ಕವಾದ ಮೇಲೆ ಆಗುತ್ತಿತ್ತು ಎಂದುಕೊಳ್ಳಿ. ಹೊಸ ಲೆಕ್ಕಕ್ಕೆ ಅನುಕೂಲವಾಗಲೆಂದು ಡೆವಲಪರ್ ಅದನ್ನು ಎರಡೂ ದಾರಿಗಳಿಗೆ ಸಾಮಾನ್ಯವಾಗುವಂತೆ, ಮೇಲಿನ `if` ಸಾಲಿಗಿಂತ ಮುಂಚೆ ತಂದಿಟ್ಟರು. ಈಗ ಒಬ್ಬರು 320 ರೂಪಾಯಿಯ ಸಾಮಾನಿಗೆ 40 ರೂಪಾಯಿಯ ಕೂಪನ್ ಹಾಕುತ್ತಾರೆ. ಮೊದಲಾದರೆ 320 ಎಂಬುದು 300ಕ್ಕಿಂತ ಹೆಚ್ಚು, ಡೆಲಿವರಿ ಉಚಿತ, ಕೊಡಬೇಕಾದದ್ದು 280. ಈಗ ಕೂಪನ್ ಮೊದಲೇ ಕಳೆದು 280 ಆಗಿರುವುದರಿಂದ 30 ರೂಪಾಯಿ ಶುಲ್ಕ ಬಿದ್ದು 310 ಆಗುತ್ತದೆ. ಫ್ಲ್ಯಾಗ್ ಆಫ್ ಇದೆ, ಹೊಸ ನಿಯಮ ಒಬ್ಬ ಗ್ರಾಹಕರಿಗೂ ಜಾರಿಯಾಗಿಲ್ಲ. ಆದರೂ ಇಂಥ ಗ್ರಾಹಕರಿಗೆ ತಪ್ಪು ಬಿಲ್ ಹೋಗುತ್ತಿದೆ. ಪವರ್ ಪೆಗ್‌ನಲ್ಲಿ 2005ರಲ್ಲಿ ಆದದ್ದು ಇದೇ ಜಾತಿಯ ತಪ್ಪು.

ಇದನ್ನು ಹಿಡಿಯಲು ಟೆಸ್ಟರ್‌ಗಳು ಹೊಸದಾಗಿ ಉದಾಹರಣೆಗಳನ್ನು ಯೋಚಿಸುತ್ತಾ ಕೂರುವುದಿಲ್ಲ. ನಿಜವಾಗಿ ಬಂದ ಹಳೆಯ ಆರ್ಡರುಗಳನ್ನು, ಹೆಸರು ವಿಳಾಸಗಳನ್ನು ಅಳಿಸಿ, ಕೆಲವು ಸಾವಿರದಷ್ಟು ತೆಗೆದುಕೊಳ್ಳುತ್ತಾರೆ. ಅವನ್ನು ಹಳೆಯ ಬಿಲ್ಡಿಗೂ, ಫ್ಲ್ಯಾಗ್ ಆಫ್ ಇರುವ ಹೊಸ ಬಿಲ್ಡಿಗೂ ಕೊಟ್ಟು ಎರಡರ ಮೊತ್ತವನ್ನು ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಒಂದು ಸಾಲಿನಲ್ಲಿ ವ್ಯತ್ಯಾಸ ಬಂದರೂ ಬಿಡುಗಡೆ ನಿಲ್ಲುತ್ತದೆ. ಕೂಪನ್ ಹಾಕಿದವರಲ್ಲಿ ಯಾರ ಮೊತ್ತ 300ರ ಆಸುಪಾಸಿನಲ್ಲಿತ್ತೋ ಅವರ ಆರ್ಡರುಗಳೇ ಇಲ್ಲಿ ಎದ್ದು ಕಾಣುತ್ತವೆ; ಅಂಥದ್ದನ್ನು ಕೂತು ಊಹಿಸುವುದು ಕಷ್ಟ.

ಗಿಟ್‌ಹಬ್ ಇಂಥ ಹೋಲಿಕೆಯನ್ನು ನೇರವಾಗಿ ಪ್ರೊಡಕ್ಷನ್ನಿನಲ್ಲೇ ಮಾಡಲು ಸೈಂಟಿಸ್ಟ್ ಎಂಬ ಸಾಧನವನ್ನು ಕಟ್ಟಿ ಎಲ್ಲರಿಗೂ ಬಿಟ್ಟುಕೊಟ್ಟಿದೆ. ಗ್ರಾಹಕರ ಕೋರಿಕೆಯೊಂದು ಬಂದಾಗ ಹಳೆಯ ಕೋಡೂ ಹೊಸ ಕೋಡೂ ಎರಡೂ ಓಡುತ್ತವೆ. ಗ್ರಾಹಕರಿಗೆ ಹೋಗುವುದು ಹಳೆಯದರ ಉತ್ತರ ಮಾತ್ರ. ಹೊಸದರ ಉತ್ತರ ಬೇರೆಯಾಗಿದ್ದರೆ ಅದು ದಾಖಲಾಗುತ್ತದೆ. ಬರಿದೇ ಓದುವ, ಲೆಕ್ಕ ಹಾಕುವ ಕೆಲಸಗಳಿಗೆ ಇದು ಬಹಳ ಚೆನ್ನ. ಹಣ ಕಡಿತ ಮಾಡುವ, ಎಸ್ಸೆಮ್ಮೆಸ್ ಕಳಿಸುವ ಕೋಡಿಗೆ ಇದನ್ನು ಹಾಗೆಯೇ ಹಚ್ಚುವಂತಿಲ್ಲ, ಎರಡು ಸಲ ಹಣ ಹೋದೀತು.

ಆನ್ ಮತ್ತು ಆಫ್ ಎರಡನ್ನೂ ನೋಡಿದ ಮೇಲೆ ಕೆಲಸ ಮುಗಿಯಿತು ಎಂದು ಬಹಳ ತಂಡಗಳು ಭಾವಿಸುತ್ತವೆ. ನನ್ನ ಪ್ರಕಾರ ಅಲ್ಲಿಂದಲೇ ಮುಖ್ಯವಾದದ್ದು ಶುರುವಾಗುವುದು, ಯಾಕೆಂದರೆ ಬದಲಾಗುವ ಕ್ಷಣದಲ್ಲಿ ಗ್ರಾಹಕರು ಎಲ್ಲೋ ಮಧ್ಯದಲ್ಲಿರುತ್ತಾರೆ. ಒಬ್ಬರು 350 ರೂಪಾಯಿಯ ಬುಟ್ಟಿ ತುಂಬಿಕೊಂಡು, ಡೆಲಿವರಿ ಉಚಿತ ಎಂದು ನೋಡಿ, ಪಾವತಿ ಪುಟಕ್ಕೆ ಬರುತ್ತಾರೆ. ಅಷ್ಟರಲ್ಲಿ ಫ್ಲ್ಯಾಗ್ ಆನ್ ಆಗುತ್ತದೆ. ಪರದೆಯ ಮೇಲೆ 350 ಇದೆ, ಖಾತೆಯಿಂದ 378 ಹೋಗುತ್ತದೆ. ಟೆಸ್ಟರ್ ಇದನ್ನು ಬೇಕೆಂದೇ ಮಾಡಿ ನೋಡಬೇಕು: ಬುಟ್ಟಿ ತುಂಬಿ, ಬೇರೆ ಕಂಪ್ಯೂಟರಿನಿಂದ ಫ್ಲ್ಯಾಗ್ ಬದಲಿಸಿ, ಆಮೇಲೆ ಪಾವತಿ ಒತ್ತುವುದು. ಪರಿಹಾರ ಸರಳ. ಯಾವ ನಿಯಮ ಎಂಬುದನ್ನು ಪಾವತಿ ಪುಟ ತೆರೆದಾಗ ಒಮ್ಮೆ ನಿರ್ಧರಿಸಿ, ಆ ಆರ್ಡರಿನ ಜೊತೆಗೇ ಬರೆದಿಡಬೇಕು. ಮುಂದಿನ ಹೆಜ್ಜೆಗಳೆಲ್ಲ ಫ್ಲ್ಯಾಗನ್ನು ಮತ್ತೆ ಕೇಳದೆ ಆ ಬರಹವನ್ನೇ ಓದಬೇಕು.

ಇದರ ಇನ್ನೊಂದು ಮುಖ ಮರಳುವ ದಾರಿ. ಫ್ಲ್ಯಾಗ್ ಆನ್ ಇದ್ದಾಗ ಗ್ರಾಹಕರೊಬ್ಬರು 378 ರೂಪಾಯಿ ಕೊಟ್ಟು ಆರ್ಡರ್ ಮಾಡಿದರು. ಸಂಜೆ ಏನೋ ತೊಂದರೆ ಕಂಡು ಫ್ಲ್ಯಾಗ್ ಆಫ್ ಮಾಡಿದರು. ಮರುದಿನ ಗ್ರಾಹಕರು ಆರ್ಡರ್ ರದ್ದು ಮಾಡಿದರು. ಹಣ ಹಿಂತಿರುಗಿಸುವ ಕೋಡ್ ಶುಲ್ಕವನ್ನು ಹೊಸದಾಗಿ ಲೆಕ್ಕ ಹಾಕಿದರೆ, ಹಳೆಯ ನಿಯಮದಂತೆ ಡೆಲಿವರಿ ಉಚಿತವಾಗಿತ್ತು ಎಂದುಕೊಂಡು 350 ಮಾತ್ರ ಕೊಡುತ್ತದೆ. 28 ರೂಪಾಯಿ ಎಲ್ಲಿ ಹೋಯಿತು ಎಂದು ಕೇಳಿದರೆ ಕಸ್ಟಮರ್ ಕೇರ್‌ನವರ ಪರದೆಯಲ್ಲೂ ಉತ್ತರ ಇರುವುದಿಲ್ಲ. ಆದ್ದರಿಂದ ಆಫ್, ಆನ್, ಮತ್ತೆ ಆಫ್ ಎಂಬ ಮೂರು ಹೆಜ್ಜೆಯ ಪರೀಕ್ಷೆಯನ್ನು ಪಟ್ಟಿಯಲ್ಲಿ ಬರೆದುಕೊಂಡೇ ಮಾಡಬೇಕು. ಹೊಸ ಕೋಡ್ ಬರೆದಿಟ್ಟ ಮಾಹಿತಿಯನ್ನು ಹಳೆಯ ಕೋಡ್ ಓದಬಲ್ಲದೇ ಎಂಬ ಪ್ರಶ್ನೆ ಇರುವುದು ಆ ಮೂರನೆಯ ಹೆಜ್ಜೆಯಲ್ಲಿ. ಹಾಗೆಯೇ, ಫ್ಲ್ಯಾಗ್ ಆನೋ ಆಫೋ ಎಂದು ಹೇಳುವ ಸರ್ವರ್ ಕೈಕೊಟ್ಟರೆ ಆ್ಯಪ್ ಏನು ಮಾಡುತ್ತದೆ ಎಂಬುದನ್ನು ಅದರ ಸಂಪರ್ಕ ಕಡಿದು ನೋಡಬೇಕು. ಉತ್ತರ ಸಿಗದಿದ್ದರೆ ಹಳೆಯ ದಾರಿಯೇ ಗತಿ ಎಂದು ಮೊದಲೇ ಗೊತ್ತುಮಾಡಿರಬೇಕು.

ಇನ್ನು ಕ್ಯಾನರಿ ರಿಲೀಸ್. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲದ ಸುಳಿವಿಗಾಗಿ ಕ್ಯಾನರಿ ಹಕ್ಕಿಗಳನ್ನು ಒಯ್ಯುತ್ತಿದ್ದರು. ಆ ರೂಢಿ 1986ರವರೆಗೂ ಇತ್ತು. ಹೆಸರು ಅಲ್ಲಿಂದ ಬಂದದ್ದು. ಹೊಸ ಬಿಲ್ಡನ್ನು ಎಲ್ಲ ಸರ್ವರುಗಳಿಗೂ ಒಮ್ಮೆಗೇ ಹಾಕದೆ ಒಂದೆರಡಕ್ಕೆ ಹಾಕಿ, ಬರುವ ಗ್ರಾಹಕರಲ್ಲಿ ಒಂದು ಸಣ್ಣ ಪಾಲನ್ನು ಆ ಕಡೆ ತಿರುಗಿಸುವುದು ಇದರ ವಿಧಾನ. ನೂರಕ್ಕೆ ಒಬ್ಬರು, ಆಮೇಲೆ ಐವರು, ಇಪ್ಪತ್ತೈದು ಜನ, ಕೊನೆಗೆ ಎಲ್ಲರೂ. ಒಳ್ಳೆಯ ತಂಡಗಳು ಇದನ್ನು ಎರಡು ಸುತ್ತಿನಲ್ಲಿ ಮಾಡುತ್ತವೆ. ಮೊದಲ ಸುತ್ತಿನಲ್ಲಿ ಹೊಸ ಬಿಲ್ಡ್ ಹೋಗುತ್ತದೆ, ಫ್ಲ್ಯಾಗ್ ಆಫ್. ಯಾರಿಗೂ ಏನೂ ಬದಲಾಗಬಾರದು. ಬದಲಾದರೆ ಹಳೆಯ ದಾರಿಗೆ ಪೆಟ್ಟು ಬಿದ್ದಿದೆ ಎಂದರ್ಥ. ಬಿಲ್ಡ್ ಎಲ್ಲ ಕಡೆ ತಲುಪಿ, ಯಾವ ಸರ್ವರಿನಲ್ಲಿ ಯಾವ ಆವೃತ್ತಿ ಇದೆ ಎಂದು ಒಂದೊಂದನ್ನೂ ಕೇಳಿ ಖಾತ್ರಿಯಾದ ಮೇಲೆ ಎರಡನೆಯ ಸುತ್ತಿನಲ್ಲಿ ಫ್ಲ್ಯಾಗನ್ನು ಸ್ವಲ್ಪ ಸ್ವಲ್ಪ ಜನಕ್ಕೆ ಆನ್ ಮಾಡುತ್ತಾರೆ.

ಯಾರಿಗೆ ಆನ್ ಆಗಬೇಕು ಎಂಬುದನ್ನು ಪ್ರತಿ ಸಲವೂ ಚೀಟಿ ಎತ್ತಿ ತೀರ್ಮಾನಿಸಿದರೆ ಒಬ್ಬರಿಗೇ ಬೆಳಿಗ್ಗೆ ಒಂದು ಶುಲ್ಕ, ಸಂಜೆ ಒಂದು ಶುಲ್ಕ ಕಾಣುತ್ತದೆ. ಅದಕ್ಕೆ ಫ್ಲ್ಯಾಗಿನ ಹೆಸರನ್ನೂ ಗ್ರಾಹಕರ ಐಡಿಯನ್ನೂ ಸೇರಿಸಿ ಹ್ಯಾಶ್ ಎಂಬ ಗಣಿತಕ್ಕೆ ಕೊಟ್ಟು, ಸೊನ್ನೆಯಿಂದ 99ರ ನಡುವಿನ ಒಂದು ಸಂಖ್ಯೆ ತೆಗೆಯುತ್ತಾರೆ. ಅದೇ ಐಡಿಗೆ ಯಾವಾಗಲೂ ಅದೇ ಸಂಖ್ಯೆ. ಪಾಲು ನೂರಕ್ಕೆ ಐದಾಗಿದ್ದರೆ ಸೊನ್ನೆಯಿಂದ 4ರವರೆಗಿನವರಿಗೆ ಆನ್, ಇಪ್ಪತ್ತೈದಾದರೆ 24ರವರೆಗೆ. ಮೊದಲು ಒಳಬಂದವರು ಹೊರಹೋಗುವುದಿಲ್ಲ. ಫ್ಲ್ಯಾಗಿನ ಹೆಸರು ಸೇರಿಸುವುದರಿಂದ ಪ್ರತಿ ಪ್ರಯೋಗಕ್ಕೂ ಅದೇ ನತದೃಷ್ಟರು ಬಲಿಯಾಗುವುದೂ ತಪ್ಪುತ್ತದೆ.

ಕ್ಯಾನರಿ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೋಲಿಕೆಯಿಂದ. ಹೊಸ ಬಿಲ್ಡ್ ಇರುವ ಸರ್ವರನ್ನು ವಾರಗಟ್ಟಲೆಯಿಂದ ಓಡುತ್ತಿರುವ ಹಳೆಯ ಸರ್ವರುಗಳೊಂದಿಗೆ ಹೋಲಿಸಿದರೆ ನ್ಯಾಯವಾಗುವುದಿಲ್ಲ. ಹಳೆಯವುಗಳ ನೆನಪಿನಲ್ಲಿ ಬೇಕಾದ ಮಾಹಿತಿಯೆಲ್ಲ ಸಿದ್ಧವಾಗಿರುತ್ತದೆ, ಈಗಷ್ಟೇ ಎದ್ದ ಸರ್ವರ್ ಸಹಜವಾಗಿಯೇ ನಿಧಾನ. ನೆಟ್‌ಫ್ಲಿಕ್ಸ್ ಇದಕ್ಕೆ ಕಂಡುಕೊಂಡ ಕ್ರಮ ನನಗೆ ಬಹಳ ಇಷ್ಟ. ಹೊಸ ಬಿಲ್ಡಿನ ಕ್ಯಾನರಿಯ ಜೊತೆಗೇ, ಅಷ್ಟೇ ಗಾತ್ರದ ಇನ್ನೊಂದು ಗುಂಪನ್ನು ಹಳೆಯ ಬಿಲ್ಡಿನಿಂದ ಹೊಸದಾಗಿ ಎಬ್ಬಿಸುತ್ತಾರೆ. ಎರಡಕ್ಕೂ ಸಮ ಪಾಲು ಗ್ರಾಹಕರು. ಹೋಲಿಕೆ ನಡೆಯುವುದು ಈ ಎರಡರ ನಡುವೆ. ಗೂಗಲ್ ಜೊತೆಗೂಡಿ ಅವರು 2018ರಲ್ಲಿ ಬಿಡುಗಡೆ ಮಾಡಿದ ಕಯೆಂಟಾ ಎಂಬ ಸಾಧನ ಈ ಹೋಲಿಕೆಯನ್ನು ತಾನೇ ಮಾಡಿ ಅಂಕ ಕೊಡುತ್ತದೆ.

ಆದರೂ ಕ್ಯಾನರಿಗೆ ಕಾಣದ್ದು ಬಹಳ ಇದೆ. ನಮ್ಮ ದಿನಸಿ ಆ್ಯಪ್‌ಗೆ ದಿನಕ್ಕೆ ಹತ್ತು ಸಾವಿರ ಆರ್ಡರ್ ಬರುತ್ತವೆ ಎನ್ನೋಣ. ನೂರಕ್ಕೆ ಒಂದು ಪಾಲೆಂದರೆ ದಿನಕ್ಕೆ ನೂರು ಆರ್ಡರ್. ಐನೂರರಲ್ಲಿ ಒಂದು ಆರ್ಡರನ್ನು ಕೆಡಿಸುವ ತಪ್ಪೊಂದು ಇದ್ದರೆ, ಆ ದಿನ ಅದು ಒಮ್ಮೆಯೂ ಕಾಣಿಸಿಕೊಳ್ಳದೇ ಇರುವ ಸಂಭವ ಐದರಲ್ಲಿ ನಾಲ್ಕು ಪಾಲು. ಕಂಡೀತು ಎಂದು ನೂರಕ್ಕೆ ತೊಂಬತ್ತೈದರಷ್ಟು ಭರವಸೆ ಬೇಕಾದರೆ ಸುಮಾರು 1500 ಆರ್ಡರುಗಳಾದರೂ ಹೊಸ ದಾರಿಯಲ್ಲಿ ಹೋಗಬೇಕು, ಅಂದರೆ ಹದಿನೈದು ದಿನ. ಒಂದು ಗಂಟೆ ಗ್ರಾಫ್ ನೋಡಿ ಎಲ್ಲ ಹಸಿರಾಗಿದೆ ಎಂದು ಮುಂದಿನ ಹಂತಕ್ಕೆ ಹೋಗುವವರು ಈ ಲೆಕ್ಕವನ್ನು ಹಾಕಿರುವುದಿಲ್ಲ.

ಇದಕ್ಕಿಂತ ಗಂಭೀರವಾದ ಕುರುಡಿಗೆ 2025ರ ಜೂನ್ 12ರ ಗೂಗಲ್ ಕ್ಲೌಡ್ ಪ್ರಕರಣ ಸಾಕ್ಷಿ. ಅಂದು ಅದರ ಸೇವೆಗಳು ಜಗತ್ತಿನಾದ್ಯಂತ ಹಲವು ಗಂಟೆ ಅಸ್ತವ್ಯಸ್ತವಾದವು. ಕಾರಣವಾದ ಕೋಡ್ ಮೇ 29ರಂದೇ ಸೇರಿತ್ತು. ಅದನ್ನು ಒಂದೊಂದೇ ಪ್ರದೇಶಕ್ಕೆ ನಿಧಾನವಾಗಿ, ನಿಯಮದಂತೆಯೇ ಹಾಕಿದ್ದರು, ಎಲ್ಲೂ ತೊಂದರೆ ಕಾಣಲಿಲ್ಲ. ಕಾಣಲು ಆ ಕೋಡ್ ಎಲ್ಲೂ ಓಡಿಯೇ ಇರಲಿಲ್ಲ. ಅದು ಓಡಲು ಒಂದು ಬಗೆಯ ಹೊಸ ನೀತಿ-ಮಾಹಿತಿ ಬರಬೇಕಿತ್ತು. ಜೂನ್ 12ರಂದು ಅದು ಬಂತು, ಕೆಲವು ಜಾಗಗಳು ಖಾಲಿ ಬಿಟ್ಟಿದ್ದ ರೂಪದಲ್ಲಿ. ಆ ಮಾಹಿತಿ ಕೆಲವೇ ಸೆಕೆಂಡುಗಳಲ್ಲಿ ಜಗತ್ತಿನ ಎಲ್ಲ ಪ್ರದೇಶಗಳಿಗೂ ಹರಡಿ, ಎಲ್ಲ ಕಡೆಯೂ ಪ್ರೋಗ್ರಾಂ ಬಿದ್ದು, ಎದ್ದು, ಮತ್ತೆ ಬೀಳತೊಡಗಿತು. ಆ ಬದಲಾವಣೆಯನ್ನು ಫ್ಲ್ಯಾಗ್ ಹಿಂದೆ ಇಟ್ಟಿರಲಿಲ್ಲ, ಇಟ್ಟಿದ್ದರೆ ಪರೀಕ್ಷಾ ಹಂತದಲ್ಲೇ ಸಿಗುತ್ತಿತ್ತು ಎಂದು ಗೂಗಲ್ ತನ್ನ ವರದಿಯಲ್ಲಿ ಒಪ್ಪಿಕೊಂಡಿದೆ.

ಹಾಗಾಗಿ ಕ್ಯಾನರಿಯ ವರದಿ ಕೈಗೆ ಬಂದಾಗ ಟೆಸ್ಟರ್ ಮೊದಲು ಕೇಳಬೇಕಾದದ್ದು, ಹೊಸ ದಾರಿ ಎಷ್ಟು ಸಲ ಓಡಿತು ಎಂದು. ಪ್ರತಿ ಆರ್ಡರಿನ ದಾಖಲೆಯಲ್ಲೂ ಅದು ಯಾವ ಬಿಲ್ಡ್, ಫ್ಲ್ಯಾಗಿನ ಯಾವ ಸ್ಥಿತಿಯಲ್ಲಿ ಲೆಕ್ಕವಾಯಿತು ಎಂದು ಬರೆದಿದ್ದರೆ ಇದಕ್ಕೆ ಉತ್ತರ ಒಂದು ನಿಮಿಷದ ಕೆಲಸ. ಓಡಿದ್ದು ಸೊನ್ನೆ ಸಲ ಎಂದಾದರೆ ಹಸಿರು ಗ್ರಾಫಿಗೆ ಅರ್ಥವಿಲ್ಲ. ನಮ್ಮ ಆ್ಯಪ್‌ನಲ್ಲೂ ಇದು ಆಗಬಹುದು: ಕ್ಯಾನರಿ ಗುಂಪಿನಲ್ಲಿ ಬಿದ್ದವರೆಲ್ಲ 500 ರೂಪಾಯಿಯ ಮೇಲೆಯೇ ಕೊಂಡಿದ್ದರೆ ದೂರದ ಲೆಕ್ಕ ಒಮ್ಮೆಯೂ ನಡೆದಿರುವುದಿಲ್ಲ.

ಫ್ಲ್ಯಾಗ್‌ಗಳು ಹೆಚ್ಚಾದಂತೆ ಅವುಗಳ ಜೋಡಣೆಯೂ ಬೆಳೆಯುತ್ತದೆ. ಹತ್ತು ಫ್ಲ್ಯಾಗ್ ಇದ್ದರೆ 1024 ಬಗೆ. ಅಷ್ಟನ್ನೂ ಯಾರೂ ಪರೀಕ್ಷಿಸುವುದಿಲ್ಲ, ಪರೀಕ್ಷಿಸಬೇಕಾಗಿಯೂ ಇಲ್ಲ. ಇಂದು ಗ್ರಾಹಕರು ಬಳಸುತ್ತಿರುವ ಜೋಡಣೆ, ನಾಳೆ ಬದಲಿಸಲಿರುವ ಜೋಡಣೆ, ತೊಂದರೆಯಾದರೆ ಹಿಂದೆ ಸರಿಯುವ ಜೋಡಣೆ, ಇವಿಷ್ಟನ್ನು ಪೂರ್ತಿ ನೋಡಿ, ಒಂದೇ ಮೊತ್ತವನ್ನು ಮುಟ್ಟುವ ಫ್ಲ್ಯಾಗ್‌ಗಳನ್ನು ಜೋಡಿಯಾಗಿ ನೋಡಿದರೆ ಬಹುಪಾಲು ಸಾಕಾಗುತ್ತದೆ.

ಹೊಸ ನಿಯಮ ಎಲ್ಲರಿಗೂ ಜಾರಿಯಾಗಿ, ಹಳೆಯದಕ್ಕೆ ಮರಳುವ ಮಾತಿಲ್ಲ ಎಂದಾದ ದಿನ ಫ್ಲ್ಯಾಗನ್ನೂ ಹಳೆಯ ಕೋಡನ್ನೂ ಅಳಿಸಬೇಕು, ಅಳಿಸಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಇದನ್ನು ಮುಂದೂಡುವುದು ಸುಲಭ, ಏಕೆಂದರೆ ಅಳಿಸಿದ್ದಕ್ಕೆ ಯಾರೂ ಶಭಾಷ್ ಎನ್ನುವುದಿಲ್ಲ. ಫ್ಲ್ಯಾಗ್ ಹುಟ್ಟಿದ ದಿನವೇ ಅದನ್ನು ತೆಗೆಯುವ ದಿನಾಂಕವನ್ನೂ, ತೆಗೆಯುವವರ ಹೆಸರನ್ನೂ ಬರೆದಿಡುವ ತಂಡಗಳಲ್ಲಿ ಮಾತ್ರ ಈ ಕೆಲಸ ಆಗುತ್ತದೆ. ಅಳಿಸಿದ ಫ್ಲ್ಯಾಗಿನ ಹೆಸರನ್ನು ಮುಂದೆಂದೂ ಬೇರೆ ಕೆಲಸಕ್ಕೆ ಬಳಸಕೂಡದು.

ಈ ಕ್ಷೇತ್ರದಲ್ಲಿ ಇಲ್ಲದ ಓದುಗರಿಗೂ ಒಂದು ಮಾತು. ಒಂದೇ ಆ್ಯಪ್ ನಿಮ್ಮ ಫೋನಿನಲ್ಲಿ ಒಂದು ಬೆಲೆ, ಮನೆಯಲ್ಲಿ ಇನ್ನೊಬ್ಬರ ಫೋನಿನಲ್ಲಿ ಮತ್ತೊಂದು ಬೆಲೆ ತೋರಿಸಿದರೆ, ನೀವಿಬ್ಬರೂ ಫ್ಲ್ಯಾಗಿನ ಆಚೆ ಈಚೆ ಬಿದ್ದಿರುವ ಸಾಧ್ಯತೆ ಉಂಟು. ದೂರು ಕೊಡುವಾಗ ಬೆಲೆ ತಪ್ಪಾಗಿದೆ ಎಂದಷ್ಟೇ ಬರೆಯಬೇಡಿ. ಎರಡೂ ಪರದೆಯ ಸ್ಕ್ರೀನ್‌ಶಾಟ್, ನೋಡಿದ ಸಮಯ, ಆ್ಯಪ್‌ನ ಆವೃತ್ತಿ ಸಂಖ್ಯೆ ಮೂರನ್ನೂ ಕಳಿಸಿ. ಆ ಹೊತ್ತಿನಲ್ಲಿ ನಿಮ್ಮ ಖಾತೆಗೆ ಯಾವ ಫ್ಲ್ಯಾಗ್ ಆನ್ ಇತ್ತು ಎಂಬುದನ್ನು ಟೆಸ್ಟರ್ ಹುಡುಕಿ ತೆಗೆಯಲು ಅಷ್ಟು ಸಾಕು.